ಮನೆಯವರ ಚಿನ್ನಕ್ಕೆ ಝಕಾತ್ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಝಕಾತ್ ಲೆಕ್ಕಕ್ಕೆ ಕೂತಾಗ ಅನೇಕ ಮನೆಗಳಲ್ಲಿ ಬೀರುವಿನ ಒಡವೆಯನ್ನೆಲ್ಲ ಒಟ್ಟಿಗೆ ತೂಗಿ, ಆ ದಿನದ ದರದಿಂದ ಗುಣಿಸಿ, ನೂರಕ್ಕೆ ಎರಡೂವರೆ ತೆಗೆದುಬಿಡುತ್ತಾರೆ. ಹಾಗೆ ಮಾಡಿದರೆ ಕೆಲವರ ಪಾಲಿನದು ಜಾಸ್ತಿಯಾಗುತ್ತದೆ, ಕೆಲವರದು ಬಿಟ್ಟೇ ಹೋಗುತ್ತದೆ. ತೂಕ, ಶುದ್ಧತೆ, ದರ ಈ ಮೂರನ್ನೂ ಮುಟ್ಟುವ ಮೊದಲು ಯಾವ ಒಡವೆ ಯಾರದು ಎಂದು ಬಿಡಿಸಿಕೊಳ್ಳಬೇಕು. ಈ ಪುಟದಲ್ಲಿ ಒಂದು ಕುಟುಂಬದ ಲೆಕ್ಕವನ್ನು ಹಾಗೆಯೇ ಬಿಡಿಸಿ ತೋರಿಸಿದ್ದೇವೆ.

ಬೇರೆ ಏನೂ ಹೇಳದಿದ್ದಲ್ಲಿ ಲೆಕ್ಕ ಹನಫಿ ಮದ್‌ಹಬ್ ಪ್ರಕಾರ ಇದೆ. ಶಾಫಿಈ ಮತ್ತು ಇತರ ಮದ್‌ಹಬ್‌ಗಳಲ್ಲಿ ಬೇರೆಯಾಗುವ ಮುಖ್ಯ ಕಡೆಗಳನ್ನು ಅಲ್ಲಲ್ಲೇ ಹೇಳಿದ್ದೇವೆ. ದರಗಳು ಲೆಕ್ಕ ಅರ್ಥವಾಗಲಿ ಎಂದು ಹಾಕಿಕೊಂಡವು, ಅಷ್ಟೇ: ಗ್ರಾಂಗೆ 24 ಕ್ಯಾರೆಟ್ ಚಿನ್ನ 10,000 ರೂಪಾಯಿ, 22 ಕ್ಯಾರೆಟ್ 9,160, 18 ಕ್ಯಾರೆಟ್ 7,500, ಬೆಳ್ಳಿ 100. ನಿಮ್ಮ ಲೆಕ್ಕದ ದಿನ ಇರುವ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

ಎಷ್ಟು ಚಿನ್ನ ಇದ್ದರೆ ಝಕಾತ್ ಕಡ್ಡಾಯ?

ಚಿನ್ನದ ನಿಸಾಬ್ 20 ದೀನಾರ್, ಅಂದರೆ 20 ಮಿಸ್ಕಾಲ್. ಇದನ್ನು ಗ್ರಾಂಗೆ ತರುವಾಗ ಎರಡು ಅಂಕಿಗಳು ಚಾಲ್ತಿಯಲ್ಲಿವೆ. ದೀನಾರಿಗೆ 4.25 ಗ್ರಾಂ ಎಂದು ಹಿಡಿದರೆ 85 ಗ್ರಾಂ ಬರುತ್ತದೆ. ಏಳೂವರೆ ತೊಲ ಎಂದು ಹಿಡಿದರೆ 87.48 ಗ್ರಾಂ. ಬೆಳ್ಳಿಗೂ ಹೀಗೆಯೇ: 200 ದಿರ್ಹಮ್‌ಗೆ ಒಂದು ಲೆಕ್ಕದಲ್ಲಿ 595 ಗ್ರಾಂ, ಐವತ್ತೆರಡೂವರೆ ತೊಲದ ಲೆಕ್ಕದಲ್ಲಿ 612.36 ಗ್ರಾಂ. ನಾವು ಇಲ್ಲಿ ತೊಲದ ಲೆಕ್ಕ ಬಳಸಿದ್ದೇವೆ. ನಿಮ್ಮ ಉಲಮಾ ಯಾವ ಅಂಕಿ ಹೇಳುತ್ತಾರೋ ಅದನ್ನೇ ಹಿಡಿಯಿರಿ. ಆದರೆ ಒಂದು ವರ್ಷ ಒಂದು, ಇನ್ನೊಂದು ವರ್ಷ ಇನ್ನೊಂದು ಎಂದು ಬದಲಾಯಿಸಬೇಡಿ.

ನನ್ನ ಹತ್ತಿರ 40 ಗ್ರಾಂ ಮಾತ್ರ ಇದೆ. ನನಗೆ ಝಕಾತ್ ಇಲ್ಲ ಅಲ್ವಾ?

ಅಷ್ಟು ಬೇಗ ಹೇಳಲಿಕ್ಕೆ ಆಗುವುದಿಲ್ಲ. ಝಕಾತ್ ಕೊಡಬೇಕಾದವರು ತಿಳಿಯದೆ ಬಿಟ್ಟುಬಿಡುವುದು ಹೆಚ್ಚಾಗಿ ಇಲ್ಲಿಯೇ.

87.48 ಗ್ರಾಂ ಎಂಬ ಗೆರೆ ಚಿನ್ನ ಬಿಟ್ಟು ಬೇರೇನೂ ಇಲ್ಲದವರಿಗೆ. ಬೆಳ್ಳಿ ಇಲ್ಲ, ಖರ್ಚು ಕಳೆದು ಉಳಿದ ನಗದು ಇಲ್ಲ, ಖಾತೆಯಲ್ಲಿ ಉಳಿತಾಯ ಇಲ್ಲ, ವ್ಯಾಪಾರದ ಸರಕೂ ಇಲ್ಲ ಎನ್ನುವವರು ಚಿನ್ನದ ತೂಕ ಮಾತ್ರ ನೋಡಿದರೆ ಸಾಕು. ಚಿನ್ನದ ಜೊತೆಗೆ ಇವುಗಳಲ್ಲಿ ಯಾವುದಾದರೂ ಒಂದು ಸ್ವಲ್ಪ ಇದ್ದರೂ, ಹನಫಿ ಪ್ರಕಾರ ಎಲ್ಲದರ ಬೆಲೆಯನ್ನು ಕೂಡಿಸಬೇಕು. ಆ ಮೊತ್ತವನ್ನು ಬೆಳ್ಳಿಯ ನಿಸಾಬ್‌ನ ಬೆಲೆಯೊಂದಿಗೆ ಹೋಲಿಸಬೇಕು. ನಮ್ಮ ಉದಾಹರಣೆಯ ದರದಲ್ಲಿ ಅದು 612.36 × 100, ಅಂದರೆ 61,236 ರೂಪಾಯಿ. 22 ಕ್ಯಾರೆಟ್‌ನ 40 ಗ್ರಾಂ ಚಿನ್ನದ ಬೆಲೆಯೇ 3,66,400 ಆಗುತ್ತದೆ. ಹಾಗಾಗಿ ಕೈಯಲ್ಲಿ ಉಳಿತಾಯದ ಎರಡು ಸಾವಿರ ಇದ್ದರೂ ಝಕಾತ್ ಕಡ್ಡಾಯ.

ಶಾಫಿಈ ಮದ್‌ಹಬ್‌ನಲ್ಲಿ ಚಿನ್ನವನ್ನೂ ಬೆಳ್ಳಿಯನ್ನೂ ಹೀಗೆ ಒಂದಕ್ಕೊಂದು ಕೂಡಿಸುವುದಿಲ್ಲ. ಎರಡೂ ತಮ್ಮ ತಮ್ಮ ನಿಸಾಬ್ ಮುಟ್ಟಬೇಕು.

ಮನೆಯಲ್ಲಿ ಎಲ್ಲರ ಚಿನ್ನ ಒಂದೇ ಲಾಕರಿನಲ್ಲಿದೆ. ಒಟ್ಟಿಗೆ ಲೆಕ್ಕ ಹಾಕಬಹುದೇ?

ಬೇಡ. ಝಕಾತ್ ಕುಟುಂಬದ ಮೇಲೆ ಬರುವುದಲ್ಲ, ಒಬ್ಬೊಬ್ಬರ ಮೇಲೆ ಬರುವುದು. ಗಂಡನ ಆಸ್ತಿ ಬೇರೆ, ಹೆಂಡತಿಯದು ಬೇರೆ, ಅತ್ತೆಯದು ಬೇರೆ, ಪ್ರಾಯಕ್ಕೆ ಬಂದ ಮಗಳದು ಬೇರೆ. ಲಾಕರ್ ಒಂದೇ ಆದರೂ, ಅದರ ಬಾಡಿಗೆ ಗಂಡನೇ ಕಟ್ಟುತ್ತಿದ್ದರೂ ಒಡೆತನ ಬದಲಾಗುವುದಿಲ್ಲ.

ಎಲ್ಲರದನ್ನೂ ಕೂಡಿಸಿದರೆ, ನಿಸಾಬ್ ಮುಟ್ಟದ ಹುಡುಗಿಯ ಚಿನ್ನಕ್ಕೂ ಝಕಾತ್ ಬರೆದಂತಾಗುತ್ತದೆ. ಇನ್ನೊಂದು ಕಡೆ, ಒಬ್ಬರ ಸಾಲವನ್ನು ಇನ್ನೊಬ್ಬರ ಚಿನ್ನದಿಂದ ಕಳೆದಂತಾಗುತ್ತದೆ. ಎರಡೂ ಸರಿಯಲ್ಲ. ಒಂದು ಹಾಳೆ ತೆಗೆದುಕೊಂಡು ಒಬ್ಬೊಬ್ಬರ ಹೆಸರಿನ ಕೆಳಗೆ ಅವರವರ ಒಡವೆ ಬರೆಯಿರಿ. ಬರೆಯಲು ಕೂತಾಗಲೇ ಕೆಲವು ಒಡವೆಗಳ ಒಡೆಯರು ಯಾರೆಂದು ಮನೆಯಲ್ಲಿ ಯಾರೂ ಇದುವರೆಗೆ ಕೇಳಿಲ್ಲ ಎಂದು ಗೊತ್ತಾಗುವುದು.

ಒಡವೆ ಯಾರದು ಎಂದು ತೀರ್ಮಾನಿಸುವುದು ಹೇಗೆ?

ಕೆಲವು ಸುಲಭ. ಮೆಹರ್ ಆಗಿ ಕೈಗೆ ಕೊಟ್ಟ ಚಿನ್ನ ಹೆಂಡತಿಯದು. ತವರಿನವರು ಅವಳಿಗೆ ಎಂದು ಕೊಟ್ಟಿದ್ದೂ ಅವಳದೇ. ಅದನ್ನು ಗಂಡನಾಗಲಿ ಅತ್ತೆ ಮನೆಯವರಾಗಲಿ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ.

ಕಷ್ಟವಾಗುವುದು ಮದುವೆಯಾದ ಮೇಲೆ ಗಂಡ ತಂದುಕೊಟ್ಟ ಒಡವೆ, ಮತ್ತು ಮದುವೆ ದಿನ ಗಂಡನ ಮನೆಯವರು ಹಾಕಿದ ಒಡವೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕೊಟ್ಟಿದ್ದು ಉಡುಗೊರೆಯಾಗಿಯೋ, ಹಾಕಿಕೊಳ್ಳಲಿಕ್ಕೆ ಮಾತ್ರವೋ? "ಇದು ನಿನ್ನದು" ಎಂದು ಕೊಟ್ಟಿದ್ದರೆ ಅವಳದು, ಝಕಾತ್ ಅವಳ ಮೇಲೆ. "ಹಾಕ್ಕೋ, ಆದ್ರೆ ಇದು ಮನೆಯದು" ಎಂದಿದ್ದರೆ ಕೊಟ್ಟವರದೇ ಆಗಿ ಉಳಿಯುತ್ತದೆ, ಝಕಾತ್ ಕೊಟ್ಟವರ ಮೇಲೆ. ಏನೂ ಹೇಳದೆ ಕೊಟ್ಟಿದ್ದರೆ ಆ ಮನೆತನದಲ್ಲಿ ನಡೆದುಬಂದ ರೂಢಿ ನೋಡಬೇಕು.

ಪರೀಕ್ಷಿಸಲಿಕ್ಕೆ ಒಂದು ದಾರಿ ಇದೆ. ನಾಳೆ ಅವಳು ಯಾರನ್ನೂ ಕೇಳದೆ ಅದನ್ನು ಮಾರಿದರೆ, "ನಿನ್ನದು, ನಿನ್ನಿಷ್ಟ" ಎನ್ನುತ್ತೀರೋ, "ಯಾರನ್ನು ಕೇಳಿ ಮಾರಿದೆ?" ಎನ್ನುತ್ತೀರೋ? ಬಾಯಲ್ಲಿ ಏನು ಹೇಳಿದ್ದರೂ ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ಒಡೆತನ ಸ್ಪಷ್ಟವಾಗುತ್ತದೆ. ಝಕಾತ್ ಕೊಡುವಾಗ ಮಾತ್ರ "ಅದು ಅವಳದು", ಮಾರುವಾಗ "ಅದು ನಮ್ಮದು" ಎನ್ನುವುದು ಅನ್ಯಾಯ. ಒಂದು ಸಲ ಕೂತು ಮಾತಾಡಿ, ಬರೆದಿಟ್ಟುಬಿಡಿ. ಮುಂದೆ ಆಸ್ತಿ ಹಂಚುವಾಗಲೂ ಆ ಹಾಳೆ ಬೇಕಾಗುತ್ತದೆ.

ಮಗಳ ಮದುವೆಗೆಂದು ಎತ್ತಿಟ್ಟ ಚಿನ್ನಕ್ಕೆ ಝಕಾತ್ ಇದೆಯೇ?

ಮಗಳಿಗೆ ಕೊಡಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದರೆ ಅದು ಇನ್ನೂ ಅವಳದಾಗಿಲ್ಲ. ಕೊಂಡವರದೇ. ತಂದೆ ಕೊಂಡಿದ್ದರೆ ತಂದೆಯ ಲೆಕ್ಕಕ್ಕೆ, ತಾಯಿ ಕೊಂಡಿದ್ದರೆ ತಾಯಿಯ ಲೆಕ್ಕಕ್ಕೆ ಪ್ರತಿ ವರ್ಷ ಸೇರುತ್ತದೆ.

ನಿಜವಾಗಿಯೂ ಅವಳಿಗೆ ಕೊಟ್ಟುಬಿಟ್ಟಿದ್ದರೆ ವಿಷಯ ಬೇರೆ. ಮಗಳು ಇನ್ನೂ ಚಿಕ್ಕವಳಾದರೆ ಹನಫಿ ಪ್ರಕಾರ ಅವಳ ಚಿನ್ನಕ್ಕೆ ಝಕಾತ್ ಇಲ್ಲ. ಬೇರೆ ಮೂರು ಮದ್‌ಹಬ್‌ಗಳ ಪ್ರಕಾರ ಮಕ್ಕಳ ಆಸ್ತಿಗೂ ಝಕಾತ್ ಇದೆ. ಪೋಷಕರು ಅವಳ ಆಸ್ತಿಯಿಂದಲೇ ಕೊಡಬೇಕು. ಮಗಳು ಪ್ರಾಯಕ್ಕೆ ಬಂದ ಮೇಲೆ ಎಲ್ಲ ಮದ್‌ಹಬ್‌ಗಳಲ್ಲೂ ಅವಳ ಲೆಕ್ಕ ಅವಳದೇ.

ಆದರೆ ಕೊಟ್ಟ ಮೇಲೆ ಅದು ಪೂರ್ತಿ ಅವಳದು. ಮನೆ ಕಟ್ಟಲು ಹಣ ಕಡಿಮೆ ಬಿತ್ತು ಎಂದು ಮಾರುವಂತಿಲ್ಲ, ಎರಡನೇ ಮಗಳಿಗೆ ಹಂಚುವಂತಿಲ್ಲ. ಝಕಾತ್ ತಪ್ಪಿಸಿಕೊಳ್ಳಲು "ಅದು ಮಗುವಿನದು" ಎಂದು ಹೇಳಿ, ಆಮೇಲೆ ತಮ್ಮದರಂತೆ ಬಳಸುವುದು ಬಹಳ ತಪ್ಪು.

ದಿನಾ ಹಾಕಿಕೊಳ್ಳುವ ಒಡವೆಗೂ ಝಕಾತ್ ಇದೆಯೇ?

ಮದ್‌ಹಬ್‌ಗಳು ಬೇರೆಯಾಗುವ ದೊಡ್ಡ ಜಾಗ ಇದು. ಹನಫಿ ಪ್ರಕಾರ ಇದೆ. ಹಾಕಿಕೊಂಡರೂ ಲಾಕರಿನಲ್ಲಿಟ್ಟರೂ ಚಿನ್ನ ಚಿನ್ನವೇ. ಒಬ್ಬ ಮಹಿಳೆ ಮಗಳೊಂದಿಗೆ ಪ್ರವಾದಿಯವರ ಬಳಿ ಬಂದಾಗ ಮಗಳ ಕೈಯಲ್ಲಿ ದಪ್ಪ ಚಿನ್ನದ ಬಳೆಗಳಿದ್ದವು, ಇದರ ಝಕಾತ್ ಕೊಡುತ್ತೀಯಾ ಎಂದು ಅವರು ಕೇಳಿದರು ಎಂಬ ಹದೀಸ್ ಇದಕ್ಕೆ ಒಂದು ಆಧಾರ.

ಶಾಫಿಈ, ಮಾಲಿಕಿ, ಹಂಬಲಿ ಮದ್‌ಹಬ್‌ಗಳ ಪ್ರಸಿದ್ಧ ಅಭಿಪ್ರಾಯದಂತೆ, ಹೆಣ್ಣುಮಕ್ಕಳು ಹಾಕಿಕೊಳ್ಳಲೆಂದು ಇಟ್ಟುಕೊಂಡ ಒಡವೆಗೆ ಝಕಾತ್ ಇಲ್ಲ. ಹಝ್ರತ್ ಆಯಿಶಾ ಅವರು ತಮ್ಮ ಆಶ್ರಯದಲ್ಲಿದ್ದ ಸಹೋದರನ ಅನಾಥ ಹೆಣ್ಣುಮಕ್ಕಳ ಒಡವೆಗೆ ಝಕಾತ್ ತೆಗೆಯುತ್ತಿರಲಿಲ್ಲ ಎಂಬ ವರದಿ ಅವರ ಆಧಾರಗಳಲ್ಲಿ ಒಂದು. ಆದರೆ ಈ ರಿಯಾಯಿತಿ ಎಲ್ಲ ಚಿನ್ನಕ್ಕೂ ಇಲ್ಲ. ನಾಣ್ಯ, ಬಿಸ್ಕತ್ತು, ಹೂಡಿಕೆಗೆಂದು ಕೊಂಡ ಚಿನ್ನ, ಗಂಡಸರು ಹಾಕುವ ಸರ ಮತ್ತು ಉಂಗುರ, ಇವಕ್ಕೆ ಅವರಲ್ಲೂ ಝಕಾತ್ ಇದೆ.

ನೀವು ಪಾಲಿಸುವ ಮದ್‌ಹಬ್ ಯಾವುದೋ ಅದರಂತೆ ನಡೆಯಿರಿ. ಕೊಡುವ ವರ್ಷ ಒಂದು, ಬಿಡುವ ವರ್ಷ ಇನ್ನೊಂದು ಎಂದು ಅನುಕೂಲ ನೋಡಿ ಆರಿಸಬೇಡಿ.

ತೂಕದಲ್ಲಿ ಏನೇನು ಕಳೆಯಬೇಕು?

ಕಲ್ಲು, ಮುತ್ತು, ಹವಳ, ಕರಿಮಣಿ, ದಾರ, ಒಳಗೆ ತುಂಬಿದ ಅರಗು, ಇವೆಲ್ಲ ಚಿನ್ನವಲ್ಲ. ವಜ್ರವಾದರೂ ಅಷ್ಟೇ. ಹಾಕಿಕೊಳ್ಳಲು ಇಟ್ಟುಕೊಂಡಿದ್ದಕ್ಕೆ, ವ್ಯಾಪಾರದ ಸರಕಲ್ಲದಿದ್ದರೆ, ಝಕಾತ್ ಇಲ್ಲ. ಹಾಗಾಗಿ ಇವುಗಳ ತೂಕ ಕಳೆದು ಉಳಿದ ಚಿನ್ನದ ತೂಕ ಮಾತ್ರ ಹಿಡಿಯಬೇಕು.

ಬಿಲ್ ಇದ್ದರೆ ಕೆಲಸ ಸುಲಭ. ಅದರಲ್ಲಿ ಸಾಮಾನ್ಯವಾಗಿ ಗ್ರಾಸ್ ವೆಯಿಟ್, ನೆಟ್ ವೆಯಿಟ್ ಎಂದು ಎರಡು ತೂಕ ಇರುತ್ತದೆ. ನಿಮಗೆ ಬೇಕಾಗಿದ್ದು ನೆಟ್ ವೆಯಿಟ್. ಕಲ್ಲಿನ ತೂಕವನ್ನು ಕ್ಯಾರೆಟ್‌ನಲ್ಲಿ ಬರೆದಿದ್ದರೆ ಒಂದು ಕ್ಯಾರೆಟ್‌ಗೆ 0.2 ಗ್ರಾಂ ಎಂದು ಕಳೆಯಿರಿ. ಚಿನ್ನದ ಶುದ್ಧತೆ ಹೇಳುವ ಕ್ಯಾರೆಟ್‌ಗೂ ಇದಕ್ಕೂ ಸಂಬಂಧ ಇಲ್ಲ.

ಬಿಲ್ ಇಲ್ಲದ ಹಳೆಯ ಕಲ್ಲಿನ ಒಡವೆಯಾದರೆ ಅನುಭವ ಇರುವ ಅಕ್ಕಸಾಲಿಗರಿಗೆ ತೋರಿಸಿ ಅಂದಾಜು ಕೇಳಿ. ಕಲ್ಲು ಕೀಳಿಸುವ ಅಗತ್ಯವಿಲ್ಲ. ಅವರು ಇಷ್ಟರಿಂದ ಇಷ್ಟು ಎಂದು ಎರಡು ಅಂಕಿ ಹೇಳಿದರೆ ಕಲ್ಲಿನದು ಕಡಿಮೆ, ಚಿನ್ನದ್ದು ಜಾಸ್ತಿ ಆಗುವ ಅಂಕಿ ಹಿಡಿಯಿರಿ. ಆಗ ಕೊಡಬೇಕಾದ್ದು ಕಡಿಮೆಯಾಯಿತೇನೋ ಎಂಬ ಅನುಮಾನ ಉಳಿಯುವುದಿಲ್ಲ.

ಶುದ್ಧತೆ ಗೊತ್ತಾಗುವುದು ಹೇಗೆ?

ಒಡವೆಯ ಮೇಲಿನ ಹಾಲ್‌ಮಾರ್ಕ್ ಅಂಕಿ ನೋಡಿ. ಸಾವಿರ ಭಾಗದಲ್ಲಿ ಎಷ್ಟು ಭಾಗ ಶುದ್ಧ ಚಿನ್ನ ಎಂದು ಅದು ಹೇಳುತ್ತದೆ. 999 ಇದ್ದರೆ 24 ಕ್ಯಾರೆಟ್, 916 ಇದ್ದರೆ 22, 750 ಇದ್ದರೆ 18, 585 ಇದ್ದರೆ 14. ಅಂಕಿ ಚಿಕ್ಕದಾಗಿರುತ್ತದೆ. ಉಂಗುರದ ಒಳಬದಿ, ಬಳೆಯ ಒಳಬದಿ, ಸರದ ಕೊಕ್ಕೆಯ ಹತ್ತಿರ ಹುಡುಕಿ.

ಅಜ್ಜಿಯ ಕಾಲದ ಒಡವೆಯಲ್ಲಿ ಗುರುತು ಇಲ್ಲದೆ ಇರಬಹುದು. ಅದನ್ನು 22 ಎಂದು ಸುಮ್ನೆ ಅಂದುಕೊಳ್ಳಬೇಡಿ. ಒರೆಗೆ ಹಚ್ಚಿಸಿ, ಇಲ್ಲವೇ ಮೆಷಿನ್‌ನಲ್ಲಿ ಪರೀಕ್ಷೆ ಮಾಡಿಸಿ. ಮೆಷಿನ್ ಹೆಚ್ಚಾಗಿ ಮೇಲ್ಮೈಯನ್ನು ಮಾತ್ರ ಓದುತ್ತದೆ. ಮೇಲೆ ಚಿನ್ನದ ನೀರು ಕುಡಿಸಿದ್ದರೆ ಅಂಕಿ ನಿಜಕ್ಕಿಂತ ಜಾಸ್ತಿ ಬರಬಹುದು. ಬೆಸುಗೆ ಹಾಕಿದ ಜಾಗದಲ್ಲಿ ಕಡಿಮೆಯೂ ಬರಬಹುದು. ಎರಡು ಮೂರು ಕಡೆ ಇಟ್ಟು ನೋಡಲು ಹೇಳಿ.

22 ಕ್ಯಾರೆಟ್‌ನ 90 ಗ್ರಾಂ ಇದೆ. ಅದರಲ್ಲಿ ಶುದ್ಧ ಚಿನ್ನ 82 ಗ್ರಾಂ ಚಿಲ್ಲರೆ ಮಾತ್ರ. ನಿಸಾಬ್ ಆಯಿತೇ?

ಒಳ್ಳೆಯ ಪ್ರಶ್ನೆ. ಹನಫಿ ನಿಯಮದಲ್ಲಿ ಬೆರಕೆಗಿಂತ ಚಿನ್ನದ ಪಾಲು ಜಾಸ್ತಿ ಇದ್ದರೆ ಇಡೀ ವಸ್ತುವನ್ನು ಚಿನ್ನವೆಂದೇ ಹಿಡಿಯುತ್ತಾರೆ. ಆದ್ದರಿಂದ 90 ಗ್ರಾಂ ಎಂದರೆ 90 ಗ್ರಾಂ. 87.48 ದಾಟಿತು, ಝಕಾತ್ ಇದೆ. ಶಾಫಿಈ ಮತ್ತು ಹಂಬಲಿ ಪ್ರಕಾರ ಒಳಗಿರುವ ಶುದ್ಧ ಚಿನ್ನವೇ ನಿಸಾಬ್ ಮುಟ್ಟಬೇಕು. 90 × 0.916 ಎಂದರೆ 82.44 ಗ್ರಾಂ. 85ಕ್ಕಿಂತ ಕಡಿಮೆ, ಹಾಗಾಗಿ ಮುಟ್ಟಲಿಲ್ಲ.

ಇದು ನಿಸಾಬ್ ಮುಟ್ಟಿತೋ ಇಲ್ಲವೋ ಎಂದು ನೋಡುವ ಮಾತು. ಹಣದಲ್ಲಿ ಕೊಡುವಾಗ ಬೆಲೆಯನ್ನು ಆಯಾ ಕ್ಯಾರೆಟ್‌ನ ದರದಲ್ಲೇ ಹಿಡಿಯಬೇಕು. 22 ಕ್ಯಾರೆಟ್ ಒಡವೆಗೆ 24ರ ದರ ಹಾಕಬೇಕಾಗಿಲ್ಲ.

ಯಾವ ದರ ಹಿಡಿಯಬೇಕು? ಕೊಂಡಾಗಿನದೋ, ಇವತ್ತಿನದೋ?

ಇವತ್ತಿನದು. ಹತ್ತು ವರ್ಷದ ಹಿಂದೆ ಎಷ್ಟಕ್ಕೆ ಕೊಂಡಿದ್ದಿರಿ ಎಂಬುದು ಲೆಕ್ಕಕ್ಕೆ ಬರುವುದೇ ಇಲ್ಲ. ಮೇಕಿಂಗ್ ಚಾರ್ಜ್, ವೇಸ್ಟೇಜ್, ತೆರಿಗೆ ಇವನ್ನೂ ಸೇರಿಸಬೇಡಿ. ಅವು ಅಂಗಡಿಗೆ ಕೊಟ್ಟ ಹಣ, ನಿಮ್ಮ ಕೈಯಲ್ಲಿರುವುದು ಚಿನ್ನ.

ದರದಲ್ಲಿ ಹೆಚ್ಚಾಗಿ ಆಗುವ ತಪ್ಪು ಎರಡು. ಒಂದು, ಎಲ್ಲ ಒಡವೆಗೂ 24 ಕ್ಯಾರೆಟ್ ದರ ಹಾಕುವುದು. ಇನ್ನೊಂದು ಇದಕ್ಕೆ ಉಲ್ಟಾ: 22 ಕ್ಯಾರೆಟ್ ದರ ಹಿಡಿದ ಮೇಲೆ ಮತ್ತೆ 0.916ರಿಂದ ಗುಣಿಸಿ ಎರಡು ಸಲ ಕಳೆಯುವುದು. 22ರ ದರದಲ್ಲಿ ಶುದ್ಧತೆ ಆಗಲೇ ಕಳೆದಿರುತ್ತದೆ. ತಪ್ಪಾಗಿದೆಯೋ ಎಂದು ನೋಡಲು ಎರಡು ದಾರಿಯಲ್ಲಿ ಲೆಕ್ಕ ಮಾಡಿ. 112 ಗ್ರಾಂ × 9,160 ಎಂದರೆ 10,25,920. ಅದೇ 112 × 0.916 = 102.592 ಗ್ರಾಂ ಶುದ್ಧ ಚಿನ್ನ, ಅದಕ್ಕೆ 24ರ ದರ 10,000 ಹಾಕಿದರೂ 10,25,920. ಎರಡೂ ಹತ್ತಿರ ಹತ್ತಿರ ಬರಬೇಕು. ದೊಡ್ಡ ವ್ಯತ್ಯಾಸ ಬಂದರೆ ಎಲ್ಲೋ ಒಂದು ಕಡೆ ತಪ್ಪಾಗಿದೆ.

ಅಂಗಡಿಯವರು ಮಾರುವ ದರವೋ, ನಮ್ಮಿಂದ ಕೊಳ್ಳುವ ದರವೋ?

ಉಲಮಾರಲ್ಲಿ ಎರಡೂ ಅಭಿಪ್ರಾಯಗಳಿವೆ. ನೀವು ಮಾರಿದರೆ ಏನು ಸಿಗುತ್ತದೋ ಅದೇ ನಿಮ್ಮ ಆಸ್ತಿಯ ಬೆಲೆ ಎನ್ನುವವರಿದ್ದಾರೆ. ಆ ದಿನದ ಮಾರುಕಟ್ಟೆ ದರವನ್ನೇ ಹಿಡಿಯಬೇಕು ಎನ್ನುವವರೂ ಇದ್ದಾರೆ. ನಮ್ಮ ಸಲಹೆ ಮಾರುಕಟ್ಟೆ ದರ ಹಿಡಿಯುವುದು. ಕೊಳ್ಳುವ ದರ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಅದರಲ್ಲಿ ಕರಗಿಸುವ ಖರ್ಚು, ಅವರ ಲಾಭ ಎಲ್ಲ ಸೇರಿಕೊಂಡಿರುತ್ತದೆ.

ದರದ ಗೊಂದಲವೇ ಬೇಡ ಎನ್ನುವವರು ಚಿನ್ನವನ್ನೇ ಕೊಡಬಹುದು. ನಲವತ್ತನೇ ಒಂದು ಭಾಗ. 22 ಕ್ಯಾರೆಟ್‌ನ 112 ಗ್ರಾಂಗೆ ಅದೇ ಕ್ಯಾರೆಟ್‌ನ 2.8 ಗ್ರಾಂ. ಆಗ ದರದ ಮಾತೇ ಬರುವುದಿಲ್ಲ.

ಒಂದು ಕುಟುಂಬದ ಲೆಕ್ಕ ಪೂರ್ತಿ ಮಾಡಿ ತೋರಿಸುತ್ತೀರಾ?

ಐದು ಜನರ ಮನೆ ಎಂದುಕೊಳ್ಳಿ. ಗಂಡ, ಹೆಂಡತಿ, ಗಂಡನ ತಾಯಿ, 19 ವರ್ಷದ ದೊಡ್ಡ ಮಗಳು, 8 ವರ್ಷದ ಚಿಕ್ಕ ಮಗಳು. ಯಾರಿಗೂ ಸಾಲ ಇಲ್ಲ, ಬೆಳ್ಳಿಯೂ ಇಲ್ಲ.

ಮೊದಲು ಹೆಂಡತಿ. ಅವಳ 22 ಕ್ಯಾರೆಟ್ ಒಡವೆಗಳ ಒಟ್ಟು ತೂಕ 118 ಗ್ರಾಂ. ಕಲ್ಲು, ಮಣಿ ಸೇರಿ 6 ಗ್ರಾಂ. ಉಳಿದದ್ದು 112 ಗ್ರಾಂ, ಬೆಲೆ 10,25,920. ಒಂದು 18 ಕ್ಯಾರೆಟ್ ವಜ್ರದ ಸೆಟ್ ಇದೆ, 14.4 ಗ್ರಾಂ. ವಜ್ರ 2 ಕ್ಯಾರೆಟ್, ಅಂದರೆ 0.4 ಗ್ರಾಂ. ಕಳೆದರೆ ಚಿನ್ನ 14 ಗ್ರಾಂ, ಬೆಲೆ 1,05,000. 24 ಕ್ಯಾರೆಟ್‌ನ 10 ಗ್ರಾಂ ನಾಣ್ಯ ಒಂದಿದೆ, 1,00,000. ಮೂರೂ ಸೇರಿ 12,30,920. ಅವಳದೇ ಉಳಿತಾಯ 40,000. ಒಟ್ಟು 12,70,920. ಇದನ್ನು 40ರಿಂದ ಭಾಗಿಸಿದರೆ 31,773 ರೂಪಾಯಿ. ಇದು ಅವಳ ಝಕಾತ್.

ಗಂಡನ ತಾಯಿಗೆ 22 ಕ್ಯಾರೆಟ್‌ನ 30 ಗ್ರಾಂ ಬಳೆ ಇದೆ, ಬೆಲೆ 2,74,800. ಖಾತೆಯಲ್ಲಿ 25,000 ಇದೆ. "ನನ್ನದು ಏಳೂವರೆ ತೊಲ ಎಲ್ಲಿ ಬಂತು?" ಎಂದು ಅವರು ಕೇಳಬಹುದು. ಆದರೆ ನಗದು ಸೇರಿದ್ದರಿಂದ ಬೆಳ್ಳಿಯ ನಿಸಾಬ್ ನೋಡಬೇಕು. 2,99,800 ಎಂಬುದು 61,236ಕ್ಕಿಂತ ಎಷ್ಟೋ ಜಾಸ್ತಿ. ಝಕಾತ್ 7,495.

ದೊಡ್ಡ ಮಗಳಿಗೆ ಪೂರ್ತಿಯಾಗಿ ಕೊಟ್ಟ 20 ಗ್ರಾಂ ಸರ ಇದೆ. ಬೇರೆ ನಗದು ಇಲ್ಲ, ಖರ್ಚಿಗೆ ಬೇಕಾದ್ದನ್ನು ಅಪ್ಪ ಕೊಡುತ್ತಾರೆ. ಬರೀ ಚಿನ್ನ, ಅದೂ 87.48ಕ್ಕಿಂತ ಕಡಿಮೆ. ಝಕಾತ್ ಇಲ್ಲ. ಇವಳೇ ಟ್ಯೂಷನ್ ಹೇಳಿಕೊಟ್ಟು 5,000 ಉಳಿಸಿಟ್ಟುಕೊಂಡಿದ್ದರೆ ಲೆಕ್ಕ ಬದಲಾಗುತ್ತದೆ. ಸರದ ಬೆಲೆ 1,83,200, ನಗದು ಸೇರಿ 1,88,200. ಝಕಾತ್ 4,705.

ಚಿಕ್ಕ ಮಗಳ ಹೆಸರು ಹೇಳಿ ಎತ್ತಿಟ್ಟ 22 ಕ್ಯಾರೆಟ್‌ನ 50 ಗ್ರಾಂ ಇದೆ. ಗಂಡ ಕೊಂಡಿದ್ದು. ಕೇಳಿದಾಗ, "ಮದುವೆಗೆ ಅಂತ ಇಟ್ಟಿದ್ದೇನೆ, ಕಷ್ಟ ಬಂದರೆ ಮಾರಬಹುದು" ಎಂದ. ಹಾಗಾದರೆ ಅದು ಇನ್ನೂ ಅವನದೇ. ಬೆಲೆ 4,58,000. ಅವನ ಉಳಿತಾಯ 90,000 ಸೇರಿ 5,48,000. ಅವನ ಝಕಾತ್ 13,700. ಆ ಚಿನ್ನವನ್ನು ಮಗಳಿಗೆ ನಿಜವಾಗಿ ಕೊಟ್ಟಿದ್ದರೆ ಅವನ ಲೆಕ್ಕದಲ್ಲಿ 90,000 ಮಾತ್ರ ಉಳಿಯುತ್ತಿತ್ತು, ಝಕಾತ್ 2,250 ಆಗುತ್ತಿತ್ತು.

ಮಗಳ ಕೈಯಲ್ಲಿ ನಗದು ಇಲ್ಲ ಎಂದೇ ಹಿಡಿದರೆ ಮೂವರು ಸೇರಿ ಕೊಡಬೇಕಾದ್ದು 52,968 ರೂಪಾಯಿ. ಈ ಕೊನೆಯ ಅಂಕಿ ಮನೆ ಖರ್ಚಿನ ತಯಾರಿಗೆ ಮಾತ್ರ ಬೇಕು. ಝಕಾತ್‌ನ ಲೆಕ್ಕ ಮೂರಾಗಿಯೇ ಉಳಿಯುತ್ತದೆ.

ಇದೇ ಮನೆ ಶಾಫಿಈ ಆಗಿದ್ದರೆ? ಹೆಂಡತಿ ಮತ್ತು ಅತ್ತೆ ಹಾಕಿಕೊಳ್ಳುವ ಒಡವೆ ಲೆಕ್ಕದಿಂದ ಹೊರಗೆ. ಉಳಿಯುವುದು ಹೆಂಡತಿಯ ನಾಣ್ಯ ಮತ್ತು ಗಂಡನ 50 ಗ್ರಾಂ. ಎರಡೂ ಬೇರೆ ಬೇರೆಯವರದು, ಚಿನ್ನವಾಗಿ ಯಾವುದೂ 85 ಗ್ರಾಂ ಮುಟ್ಟುವುದಿಲ್ಲ. ಅವುಗಳ ಜೊತೆ ನಗದನ್ನು ಹೇಗೆ ಸೇರಿಸಬೇಕು ಎಂಬುದನ್ನು ಆ ಮದ್‌ಹಬ್‌ನ ಉಲಮಾರಲ್ಲಿ ಕೇಳಿಕೊಳ್ಳಿ.

ಹೆಂಡತಿಯ ಕೈಯಲ್ಲಿ ಅಷ್ಟು ಹಣ ಇಲ್ಲ. ಗಂಡ ಕೊಡಬೇಕೇ?

ಕೊಡಲೇಬೇಕಾದವಳು ಅವಳೇ. ಗಂಡ ಪ್ರೀತಿಯಿಂದ ಕೊಡಬಹುದು, ಬಹಳಷ್ಟು ಮನೆಗಳಲ್ಲಿ ಹಾಗೇ ನಡೆಯುತ್ತದೆ. ಆದರೆ ಅವಳಿಗೆ ಹೇಳಿ, ಅವಳ ಒಪ್ಪಿಗೆ ಪಡೆದು ಕೊಡಬೇಕು. ಝಕಾತ್‌ಗೆ ನಿಯ್ಯತ್ ಬೇಕು. ಅವಳಿಗೆ ಗೊತ್ತೇ ಇಲ್ಲದೆ ಕೊಟ್ಟರೆ ಅವಳ ಝಕಾತ್ ಸಲ್ಲುವುದಿಲ್ಲ.

ಗಂಡ ಕೊಡದಿದ್ದರೆ "ನಗದು ಇಲ್ಲ" ಎಂಬುದು ಅವಳಿಗೆ ವಿನಾಯಿತಿ ಆಗುವುದಿಲ್ಲ. ಒಂದು ಚಿಕ್ಕ ಒಡವೆ ಕೊಡಬಹುದು, ಮಾರಿ ಕೊಡಬಹುದು. ಮುಂದಿನ ವರ್ಷದ್ದನ್ನು ಈಗಿನಿಂದಲೇ ತಿಂಗಳು ತಿಂಗಳು ಮುಂಗಡವಾಗಿ ಕೊಡುತ್ತಾ ಹೋಗುವುದು ಇನ್ನೂ ಹಗುರ. ವರ್ಷದ ಕೊನೆಗೆ ಸರಿಯಾದ ಲೆಕ್ಕ ಹಾಕಿ, ಕಡಿಮೆ ಬಿದ್ದಷ್ಟನ್ನು ಸೇರಿಸಿದರಾಯಿತು.

ಚಿನ್ನ ಅಡವಿನಲ್ಲಿದೆ. ಅದಕ್ಕೂ ಲೆಕ್ಕ ಇದೆಯೇ?

ಲಾಕರಿನಲ್ಲಿಟ್ಟ ಚಿನ್ನವನ್ನು ಅಡವಿನ ಚಿನ್ನದೊಂದಿಗೆ ಬೆರೆಸಬೇಡಿ. ಲಾಕರಿನದಕ್ಕೆ ಝಕಾತ್ ಇದ್ದೇ ಇದೆ.

ಸಾಲಕ್ಕೆ ಅಡವಿಟ್ಟ ಚಿನ್ನದ ವಿಷಯದಲ್ಲಿ, ಅದು ಸಾಲ ಕೊಟ್ಟವರ ವಶದಲ್ಲಿರುವಷ್ಟು ಕಾಲ ಝಕಾತ್ ಇಲ್ಲ ಎಂಬ ಮಾತು ಹನಫಿ ಗ್ರಂಥಗಳಲ್ಲಿದೆ. ಒಡೆತನ ಹೋಗಿಲ್ಲ, ಹಾಗಾಗಿ ಒಡೆಯನೇ ಕೊಡಬೇಕು ಎನ್ನುವವರೂ ಇದ್ದಾರೆ. ಚಿನ್ನದ ತೂಕ, ಸಾಲದ ಮೊತ್ತ, ಅಡವಿಟ್ಟ ದಿನ ಈ ಮೂರನ್ನೂ ಬರೆದುಕೊಂಡು ಹೋಗಿ ನಿಮ್ಮ ಮುಫ್ತಿಯವರನ್ನು ಕೇಳಿ. ಸಾಲ ಕಳೆಯುವ ವಿಷಯವೂ ಹಾಗೆಯೇ. ಹನಫಿಯಲ್ಲಿ ತೀರಿಸಬೇಕಾದ ಸಾಲವನ್ನು ಕಳೆಯುತ್ತಾರೆ. ಆದರೆ ಇಪ್ಪತ್ತು ವರ್ಷದ ಮನೆ ಸಾಲವನ್ನು ಪೂರ್ತಿ ಕಳೆಯುವುದನ್ನು ಈಗಿನ ಅನೇಕ ಉಲಮಾ ಒಪ್ಪುವುದಿಲ್ಲ, ಸದ್ಯ ಕಟ್ಟಬೇಕಾದ ಕಂತು ಮಾತ್ರ ಎನ್ನುತ್ತಾರೆ. ಸಾಲ ಯಾರ ಹೆಸರಿನಲ್ಲಿದೆಯೋ ಅವರ ಲೆಕ್ಕದಲ್ಲಿ ಮಾತ್ರ ಕಳೆಯಬೇಕು. ಗಂಡನ ಸಾಲವನ್ನು ಹೆಂಡತಿಯ ಒಡವೆಯಿಂದ ಕಳೆಯುವಂತಿಲ್ಲ.

ರಮಝಾನ್‌ನಲ್ಲೇ ಲೆಕ್ಕ ಹಾಕಬೇಕೇ? ವರ್ಷದ ನಡುವೆ ಕೊಂಡ ಚಿನ್ನ?

ರಮಝಾನ್ ಕಡ್ಡಾಯವಲ್ಲ. ನೀವು ಮೊದಲ ಸಲ ನಿಸಾಬ್‌ನ ಒಡೆಯರಾದ ಹಿಜ್ರಿ ದಿನಾಂಕವೇ ನಿಮ್ಮ ದಿನ. ಮರುವರ್ಷ ಅದೇ ಹಿಜ್ರಿ ದಿನ ಬಂದಾಗ ಕೈಯಲ್ಲಿ ಏನಿದೆಯೋ ಅದನ್ನೆಲ್ಲ ತೂಗಿ. ಹನಫಿ ಪ್ರಕಾರ ನಡುವೆ ಕೊಂಡ ಚಿನ್ನಕ್ಕೆ ಬೇರೆ ವರ್ಷ ಎಣಿಸಬೇಕಾಗಿಲ್ಲ, ಹಳೆಯದರ ಜೊತೆಗೇ ಸೇರುತ್ತದೆ. ವರ್ಷದ ಮೊದಲಿಗೂ ಕೊನೆಗೂ ನಿಸಾಬ್ ಇದ್ದರೆ ಸಾಕು. ನಡುವೆ ಕಡಿಮೆಯಾದರೂ, ಪೂರ್ತಿ ಖಾಲಿಯಾಗದಿದ್ದರೆ, ವರ್ಷ ಮುರಿಯುವುದಿಲ್ಲ.

ಇಂಗ್ಲಿಷ್ ಕ್ಯಾಲೆಂಡರ್ ದಿನವನ್ನೇ ಹಿಡಿದರೆ ಪ್ರತಿ ವರ್ಷ ಸುಮಾರು 11 ದಿನ ತಡವಾಗುತ್ತದೆ. ಹಾಗೆ ಮಾಡಲೇಬೇಕಾದವರಿಗೆ 2.5ರ ಬದಲು 2.577 ಶೇಕಡಾ ಹಿಡಿಯಲು ಹೇಳುತ್ತಾರೆ. ಹಿಜ್ರಿ ದಿನ ಬರೆದಿಟ್ಟುಕೊಳ್ಳುವುದೇ ಸುಲಭ.

ಮೂರು ವರ್ಷದಿಂದ ಕೊಟ್ಟಿಲ್ಲ. ಈಗ ಹೇಗೆ?

ಗ್ರಾಂನಲ್ಲಿ ಲೆಕ್ಕ ಮಾಡಿ. 100 ಗ್ರಾಂ ಚಿನ್ನ ಮೂರು ವರ್ಷದಿಂದ ಹಾಗೇ ಇದೆ ಎನ್ನೋಣ. ಮೊದಲ ವರ್ಷದ್ದು 2.5 ಗ್ರಾಂ. ಅದು ಕೊಡಬೇಕಾದ ಬಾಕಿ, ಆದ್ದರಿಂದ ಎರಡನೇ ವರ್ಷಕ್ಕೆ 97.5 ಗ್ರಾಂ ಹಿಡಿಯಿರಿ. ಅದರ ಝಕಾತ್ 2.44 ಗ್ರಾಂ. ಉಳಿದ 95.06 ಗ್ರಾಂಗೆ ಮೂರನೇ ವರ್ಷ 2.38 ಗ್ರಾಂ. ಒಟ್ಟು 7.32 ಗ್ರಾಂ. ಇದನ್ನು ನೀವು ಕೊಡುವ ದಿನದ ದರದಿಂದ ಗುಣಿಸಿ. ಹಳೆಯ ವರ್ಷಗಳ ದರ ಹುಡುಕಬೇಕಾಗಿಲ್ಲ. ಹನಫಿಗಳಲ್ಲಿ ಸಾಮಾನ್ಯವಾಗಿ ಫತ್ವಾ ಕೊಡುವುದು ಕೊಡುವ ದಿನದ ಬೆಲೆಯ ಮೇಲೆಯೇ.

ಒಟ್ಟಿಗೆ ಕೊಡಲು ಆಗದಿದ್ದರೆ ಕಂತಿನಲ್ಲಿ ಕೊಡಿ. ಆದರೆ ಬಾಕಿಯನ್ನು ಗ್ರಾಂನಲ್ಲೇ ಬರೆದಿಡಿ, ರೂಪಾಯಿಯಲ್ಲಿ ಬೇಡ. ಇವತ್ತು 22 ಕ್ಯಾರೆಟ್‌ನ 2 ಗ್ರಾಂಗೆ 18,320 ಕೊಟ್ಟರೆ ಉಳಿದದ್ದು 5.32 ಗ್ರಾಂ. ಆರು ತಿಂಗಳ ನಂತರ ದರ ಏರಿದ್ದರೂ ಇಳಿದಿದ್ದರೂ, ಆ 5.32 ಗ್ರಾಂಗೆ ಅವತ್ತಿನ ಬೆಲೆ ಕಟ್ಟಿದರೆ ಲೆಕ್ಕ ಸರಿಯಾಗುತ್ತದೆ.